ಬಸವ ಮಲಗಿದ

ಮರಿಬಸಪ್ಪನ ಅರ್ಜಿ ಬರೆದವನು ನಾನೇ. ಕುರುಗೋಡಿನ ಸಾಲಿ ಮಾಸ್ತರನಾಗಿ ಊರಿನವರ ಕಾಗದಪತ್ರ ಬರೆಯುವ ಹಣೆಬರಹ ನನಗೇ ಅಂಟಿತ್ತು. ಎಪ್ಪತ್ನಾಲ್ಕನೆಯ ಇಸವಿ ಇರಬೇಕು.

ಅವನ ಎತ್ತಿನ ಗೊರಸಿಗೆ ಮೊಳೆ ಹೊಕ್ಕಿತ್ತು. ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋದ. ಯಾವ ಊರಿನ ಆಸ್ಪತ್ರೆ ಎಂದು ಹೇಳಿ ಯಾರ ಮಾನವನ್ನೂ ಕಳೆಯುವುದಿಲ್ಲ. ಮೊಳೆ ತೆಗೆಯಲು ಹಗ್ಗ ಹಾಕಿ ಎತ್ತನ್ನು ಕೆಡವಿದರು. ಮೊಳೆ ಬಂತು, ಎತ್ತು ಏಳಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಮನೆಗೆ ಬಂಡಿಯಲ್ಲಿ ತಂದರು. ಔಷಧಿಯೆಲ್ಲ ಹೊರಗಿನ ಅಂಗಡಿಯದು, ದುಡ್ಡು ಅವನದೇ.

"ಔಷಧಿ ಖರ್ಚು ಕೊಡ್ಲಿ. ಹೆಂಗ ಮುರೀತು ಅಂತ ಹೇಳ್ಲಿ. ಅಷ್ಟ ಬರೀರಿ ಮಾಸ್ತರ," ಅಂದ.

"ಕೆಡವಿದ್ರು ಅಂತ ಬರೀಲೇನು?"

"ಛೇ, ಬಸವಣ್ಣನ್ನ ಕೆಡವಿದ್ರು ಅನ್ನಬಾರ್ದು. ಮಲಗಿದ ಅಂತ ಬರೀರಿ."

ಭಕ್ತಿ ಅಂದುಕೊಂಡೆ. ದಡ್ಡ ನಾನು, ಹಾಗೇ ಬರೆದೆ.

ಬಳ್ಳಾರಿಯ ಪಶುಸಂಗೋಪನೆ ಇಲಾಖೆಯ ಜಿಲ್ಲಾ ಕಚೇರಿಗೆ ಇಬ್ಬರೂ ಹೋದೆವು. ಆಸ್ಪತ್ರೆಯ ಕಾಂಪೌಂಡರ್ ಜಡೆಪ್ಪನನ್ನೂ ಕರೆಸಿದ್ದರು. ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು.

"ಎತ್ತು ತಾನೇ ಮಲಗಿದರೆ ಆಸ್ಪತ್ರೆಯವರು ಏನು ಮಾಡಬೇಕು? ಮಲಗಿತೋ, ಕೆಡವಿದರೋ?"

ಜಡೆಪ್ಪ ನೆಲ ನೋಡುತ್ತಿದ್ದ. ನಾನು ಬಾಯಿ ತೆರೆದೆ. ಮರಿಬಸಪ್ಪ ನನ್ನ ಕೈ ಹಿಡಿದುಕೊಂಡ.

"ಕೆಡವಿದ್ರು ಸಾಹೇಬ್ರ. ಜನ ಸಾಲ್ಲಿಲ್ಲ ಅಂತ ಒಂದು ಹಗ್ಗ ನನ್ನ ಕೈಗೆ ಕೊಟ್ರು. ನಾನೂ ಎಳದೀನ್ರಿ. ನಾನ ಮುರದ್ನೋ ಏನೋ, ಅದನ್ನ ಹೇಳ್ರಿ."

ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ಹದಿನೈದು ದಿನ ಈ ಮನುಷ್ಯ ಇದನ್ನು ಒಬ್ಬನೇ ನುಂಗಿಕೊಂಡಿದ್ದ. ಹೆಂಡತಿ ವೀರಭದ್ರಮ್ಮನಿಗೂ ಹೇಳಿರಲಿಲ್ಲ.

ಸಾಹೇಬರು ಜಡೆಪ್ಪನ ಕಡೆ ತಿರುಗಿದರು. "ಎಲ್ಲಿ ಕೆಡವಿದಿರಿ?"

"ಅಂಗಳದಾಗ್ರಿ... ಬಂಡೆ ಮ್ಯಾಲೆ."

"ಹುಲ್ಲು ಹಾಸಿದ್ದಿರೇನು?"

ಜಡೆಪ್ಪ ಇಲ್ಲ ಎಂದು ತಲೆ ಆಡಿಸಿದ.

ಅರ್ಜಿ ತಿದ್ದಿ ಬರೆದುಕೊಟ್ಟೆ. ತಿಂಗಳ ಮೇಲೆ ಉತ್ತರ ಬಂತು. ಅಷ್ಟರಲ್ಲಿ ಎತ್ತು ಸತ್ತು, ಹೊಲದ ಬದುವಿನಲ್ಲಿ ಮಣ್ಣು ಮಾಡಿಯಾಗಿತ್ತು. ಅವನ ಮನೆಯ ಅಂಗಳದಲ್ಲಿ ಕೂತು ಓದಿದೆ. ಔಷಧಿಯ ಖರ್ಚು ಕೊಡುತ್ತಾರಂತೆ. ಗಟ್ಟಿ ನೆಲದ ಮೇಲೆ ದಪ್ಪನಾಗಿ ಹುಲ್ಲು ಹಾಸದೆ ಕೆಡವಿದ್ದೇ ಮೂಳೆ ಮುರಿಯಲು ಕಾರಣ, ಹಗ್ಗ ಎಳೆದವರ ತಪ್ಪಿಲ್ಲವಂತೆ.

"ನಿನ್ನ ತಪ್ಪಲ್ಲಂತ ಮರಿಬಸಪ್ಪ," ಅಂದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ.

ಅವನು ಹಿತ್ತಲ ಕಡೆ ನೋಡಿದ. ಅಲ್ಲಿ ಮನೆಯೆತ್ತರದ ಬಣವೆ ಇತ್ತು.

"ಹುಲ್ಲೇನ್ರಿ ಮಾಸ್ತರ? ಒಂದು ಮಾತು ಕೇಳಿದ್ರ ಬಂಡಿಗಟ್ಲೆ ಒಯ್ದು ಹಾಸ್ತಿದ್ನಲ್ರಿ."