ಖುದ್ದಾಗಿ ತಂದುಕೊಡತಕ್ಕದ್ದು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ನಮ್ಮ ರಿಪೇರಿ ಅಂಗಡಿಗಳಿದ್ದವು. ಅಲ್ಲಿನ ಮೆಕ್ಯಾನಿಕ್‌ಗಳು ಯಾವ ದಿನ ಯಾರ ಬಾವಿಯ ಬಳಿ ಎಷ್ಟು ಹೊತ್ತು ಕೆಲಸ ಮಾಡಿದೆವೆಂದು ಟೈಮ್ ಶೀಟ್ ಬರೆಯಬೇಕು, ಬಸ್ ಚಾರ್ಜಿಗೆ ಟಿ.ಎ. ಬಿಲ್ಲು ಹಾಕಬೇಕು. ಇಪ್ಪತ್ತೈದನೇ ತಾರೀಖಿನೊಳಗೆ ಬಂದದ್ದು ಆ ತಿಂಗಳ ಸಂಬಳಕ್ಕೆ ಸೇರುತ್ತಿತ್ತು, ತಡವಾದದ್ದು ಮುಂದಿನ ತಿಂಗಳಿಗೆ.

ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಲಕೋಟೆಗಳು ಒಂದೊಂದು ಸಲ ಬಸ್ಸಿನಲ್ಲೇ ಶಿರಾ ನೋಡಿಕೊಂಡು ಬರುತ್ತಿದ್ದವು. ಹಾಗೆ ಒಂದು ತಿಂಗಳು ಕುಣಿಗಲ್‌ನವರ ಓವರ್‌ಟೈಮ್ ಹಣ ಪೂರ್ತಿ ತಪ್ಪಿಹೋಯಿತು. ಜಗಳವಾಯಿತು. ಮಾರನೆಯ ತಿಂಗಳು ಮ್ಯಾನೇಜರ್ ನನ್ನನ್ನು ಕರೆದು ಎಲ್ಲ ಸಿಬ್ಬಂದಿಗೂ ಒಂದು ನೆನಪೋಲೆ ಹೇಳಿ ಬರೆಸಿದರು.

"ಇಪ್ಪತ್ತೈದರ ಸಂಜೆ ಐದು ಗಂಟೆಯೊಳಗೆ ಟೈಮ್ ಶೀಟ್ ಮತ್ತು ಬಿಲ್ಲುಗಳನ್ನು ಖುದ್ದಾಗಿ ತಂದುಕೊಡತಕ್ಕದ್ದು. ತಡವಾದರೆ ಯಾರದ್ದನ್ನೂ, ಯಾವ ಕಾರಣಕ್ಕೂ ಸ್ವೀಕರಿಸಲಾಗದು."

"ಎಲ್ರೂ ಖುದ್ದಾಗೇ ಬರ್ಬೇಕಾ ಸಾರ್?" ಎಂದೆ.

"ಹಾಗಂದ್ರೇನೇ ಭಯ ಇರೋದು. ನೀವು ಟೈಪ್ ಮಾಡಿ."

ಕಾರ್ಬನ್ ಇಟ್ಟು ಟೈಪ್ ಮಾಡಿದೆ. ಭಯ ಚೆನ್ನಾಗಿಯೇ ಹರಡಿತು.

ಇಪ್ಪತ್ತೈದರ ಬೆಳಿಗ್ಗೆ ಮ್ಯಾನೇಜರ್‌ಗೆ ಕುಣಿಗಲ್‌ನವರ ಮೇಲೆ ಅನುಮಾನ ಬಂದು, ಅವರಿಗೆ ಇನ್ನೊಮ್ಮೆ ನೆನಪಿಸಿ ಬರುತ್ತೇನೆಂದು ಜೀಪು ಹತ್ತಿದರು. ಅವರು ಆ ಕಡೆ ಹೋಗುವಷ್ಟರಲ್ಲಿ ಕುಣಿಗಲ್‌ನವರು ಬಸ್ಸಿನಲ್ಲಿ ಈ ಕಡೆ ಬಂದಿಳಿದರು. ಅವರ ಹಿಂದೆಯೇ ಗುಬ್ಬಿಯವರೂ ಬಂದರು. ಎರಡೂ ಅಂಗಡಿಗಳಿಗೆ ಬೀಗ. ಆಫೀಸಿನ ಬೆಂಚು ಸಾಲದೆ ಕೆಲವರು ಗೋಡೆಗೊರಗಿ ನಿಂತರು.

ನಮ್ಮ ಅಕೌಂಟೆಂಟ್ ನಿಧಾನದ ಮನುಷ್ಯರು. ಮೊದಲ ಬಿಲ್ಲನ್ನು ತಿರುಗಿಸಿ ನೋಡಿ ಕನ್ನಡಕ ತೆಗೆದರು.

"ಇದಕ್ಕೆ ಮ್ಯಾನೇಜರ್ ಸೈನ್ ಇಲ್ವಲ್ಲಪ್ಪ. ಸೈನ್ ಇಲ್ದೆ ನಾನು ಪಾಸ್ ಮಾಡೋ ಹಾಗಿಲ್ಲ."

"ಅವ್ರು ಎಲ್ಲವ್ರೆ ಸಾರ್?" ಎಂದ ಕುಣಿಗಲ್‌ನ ಹಿರಿಯ ಮೆಕ್ಯಾನಿಕ್.

"ನಿಮ್ಮೂರಲ್ಲಿ. ನಿಮಗೆ ನೆನಪು ಮಾಡೋಕ್ಕೆ ಹೋಗವ್ರೆ."

ಯಾರೂ ನಗಲಿಲ್ಲ. ಸಂಬಳದ ವಿಷಯ.

ಮಧ್ಯಾಹ್ನ ಹಾಗಲವಾಡಿಯ ರೈತರೊಬ್ಬರು ಬಂದರು. ಅವರ ಮೋಟಾರು ಸುಟ್ಟಿತ್ತಂತೆ. ಗುಬ್ಬಿಯಲ್ಲಿ ಬೀಗ ಕಂಡು ದೂರು ಹೇಳಲು ಇಲ್ಲಿಯವರೆಗೆ ಬಂದಿದ್ದರು. ಬಾಗಿಲಲ್ಲೇ ಗುಬ್ಬಿಯ ಮೆಕ್ಯಾನಿಕ್ ಅವರ ಕಣ್ಣಿಗೆ ಬಿದ್ದ.

"ಏನ್ಲಾ, ಇಲ್ಲಿ ಕುಂತಿದ್ದೀಯಾ? ನಿನ್ನ ಹುಡ್ಕಂಡು ಗುಬ್ಬಿಗೆ ಹೋಗಿದ್ದೆ ಕಣೋ."

"ಕೆಲ್ಸ ಮಾಡಿದ್ದು ಬರ್ದುಕೊಡಕ್ಕೆ ಬಂದೆ ಕಣಣ್ಣ."

"ಬರ್ಕೊಡೋದ್ರಲ್ಲೇ ಹೊತ್ತೋಯ್ತದೆ. ಇನ್ನು ಕೆಲ್ಸ ಯಾವಾಗ್ ಮಾಡ್ತೀಯಾ?"

ನಾನು ರೈತರಿಗೆ ನೀರು ಕೊಟ್ಟು ಕೂರಿಸಿದೆ. ಅವರೂ ಸಾಲಿನಲ್ಲೇ ಕೂತರು.

ಐದಕ್ಕೆ ಸ್ವಲ್ಪ ಮುಂಚೆ ಅಕೌಂಟೆಂಟ್ ಎದ್ದು ಎಲ್ಲರ ಕಾಗದಗಳನ್ನೂ ತೆಗೆದುಕೊಂಡು ತಾರೀಖಿನ ಸೀಲು ಹೊಡೆದರು. "ತಂದುಕೊಡ್ಬೇಕು ಅಂತ ತಾನೇ ಇರೋದು? ತಂದ್ಕೊಟ್ಟವ್ರೆ. ಸೈನ್ ಆಮೇಲೂ ಹಾಕ್ಬಹುದು" ಎಂದು ಯಾರಿಗೆಂದು ಹೇಳದೆ ಹೇಳಿದರು. ಆಮೇಲೆ ಸೀಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಮ್ಯಾನೇಜರ್ ಬಂದಾಗ ದೀಪ ಹಚ್ಚಿಯಾಗಿತ್ತು. ಕುಣಿಗಲ್‌ನಲ್ಲಿ ಬೀಗ ನೋಡಿ, ಎಲ್ಲರೂ ಕೆಲಸದ ಮೇಲೆ ಹೋಗಿರಬೇಕೆಂದು ಊರೂರು ಹುಡುಕಿ, ವಾಪಸು ಬರುವಾಗ ಟೈರು ಪಂಕ್ಚರ್ ಆಗಿ, ಮೈಯೆಲ್ಲ ಧೂಳಾಗಿದ್ದರು. ಒಳಗೆ ತುಂಬಿದ್ದ ಜನರನ್ನು ಕಂಡು ಜೇಬಿನಿಂದ ಪೆನ್ನು ತೆಗೆದರು. ನಿಂತುಕೊಂಡೇ ಒಂದೊಂದಕ್ಕೂ ಸಹಿ ಹಾಕತೊಡಗಿದರು. ಕುಣಿಗಲ್ ಹಿರಿಯನ ಟೈಮ್ ಶೀಟಿನಲ್ಲಿ ಆ ದಿನದ ಕೆಲಸವೆಂದು 'ಟೈಮ್ ಶೀಟ್ ಕೊಡಲು ತುಮಕೂರಿಗೆ ಬಂದದ್ದು' ಎಂದಿತ್ತು. ಅದಕ್ಕೊಂದು ಬಸ್ ಚಾರ್ಜಿನ ಬಿಲ್ಲೂ ಇತ್ತು.

"ಇದೇನಯ್ಯಾ?"

"ಖುದ್ದಾಗಿ ಅಂತ ಇತ್ತಲ್ಲ ಸಾರ್. ವಾಪಸ್ ಹೋಗೋ ಚಾರ್ಜು ಇನ್ನೂ ಹಾಕಿಲ್ಲ, ಟಿಕೆಟ್ ತಗಂಡಿಲ್ವಲ್ಲ. ಅದು ಮುಂದಿನ ತಿಂಗಳ್ದು."

ಮ್ಯಾನೇಜರ್ ಅದಕ್ಕೂ ಸಹಿ ಹಾಕಿದರು.

ಕೊನೆಗೆ ತಮ್ಮ ಜೇಬಿನಿಂದ ಪೆಟ್ರೋಲು, ಪಂಕ್ಚರ್ ರಸೀದಿಗಳ ಜೊತೆ ಆ ತಿಂಗಳ ತಮ್ಮ ಬಿಲ್ಲನ್ನು ತೆಗೆದು ಮೇಜಿನ ಮೇಲಿಟ್ಟರು. ಅಕೌಂಟೆಂಟ್ ಗೋಡೆಯ ಗಡಿಯಾರ ನೋಡಿದರು, ನಂತರ ನನ್ನನ್ನು ನೋಡಿದರು. ನಾನು ಟೈಪ್‌ರೈಟರಿಗೆ ಮುಸುಕು ಹಾಕತೊಡಗಿದೆ.

"ಸಾರ್, ತಡವಾದ್ರೆ 'ಯಾರದ್ದನ್ನೂ' ಅಂತ ಇದೆ" ಎಂದರು ಅಕೌಂಟೆಂಟ್ ಮೆಲ್ಲಗೆ.

ಮ್ಯಾನೇಜರ್ ಬಿಲ್ಲನ್ನೂ ರಸೀದಿಗಳನ್ನೂ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು. ಸಿಟ್ಟಾಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಆಮೇಲೆ ಗುಬ್ಬಿಯ ಮೆಕ್ಯಾನಿಕ್ ಮತ್ತು ರೈತರನ್ನು ಅವರೇ ಜೀಪಿಗೆ ಹತ್ತಿಸಿಕೊಂಡು ಹಾಗಲವಾಡಿಯ ಕಡೆ ಹೊರಟರು. ಮಾರನೆಯ ದಿನ ಕೇಳಿದೆ, ಮೋಟಾರು ಬಿಚ್ಚುವಾಗ ಟಾರ್ಚು ಹಿಡಿದಿದ್ದದ್ದು ಮ್ಯಾನೇಜರಂತೆ.