ಒಳಗಿನ ನಲವತ್ತು ಅಂಕ

ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲ. ಸೆಮಿಸ್ಟರ್ ಮುಗಿಯುತ್ತ ಬಂದಿತ್ತು. ಸೋಮವಾರ ಸಂಜೆಯೊಳಗೆ ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಬೇಕಿತ್ತು. ಒಮ್ಮೆ ಏರಿಸಿದ ಮೇಲೆ ನಾವು ತಿದ್ದುವ ಹಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದು ಇಮೇಲ್ ಬಂತು. ಬೇತಮಂಗಲದ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯದು. ತರಗತಿಯಲ್ಲಿ ಬಾಯಿ ಬಿಡುವವಳಲ್ಲ.

‘ಮೇಡಂ ಅವರಿಗೆ ನಮಸ್ಕಾರ. ಕೊನೆಯ ಫಲಿತಾಂಶವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ತಿಳಿಸಬೇಕಾಗಿ ವಿನಂತಿ. ನನ್ನ ಕಡೆಯಿಂದ ಇನ್ನೂ ಏನು ಕೊಡುವುದು ಬಾಕಿ ಇದೆ? ಎರಡನೇ ಟೆಸ್ಟ್ ಬರೆದಿಲ್ಲ. ಪಾಸಾಗಲು ಪರೀಕ್ಷೆಯಲ್ಲಿ ಎಷ್ಟು ಬೇಕು?’

ಅಷ್ಟೇ. ಟೆಸ್ಟ್ ಯಾಕೆ ಬರೆದಿಲ್ಲ ಎಂಬ ಒಂದು ಮಾತೂ ಇಲ್ಲ. ಎರಡು ವಾರ ತರಗತಿಗೇ ಬಂದಿರಲಿಲ್ಲ, ಈಗ ಪಾಸಿನ ಲೆಕ್ಕ ಕೇಳುತ್ತಿದ್ದಾಳೆ ಎಂದು ನನಗೆ ಸಿಟ್ಟೇ ಬಂತು. ಉತ್ತರವನ್ನೂ ಹಾಗೇ ಬರೆದೆ: ‘ಪರೀಕ್ಷೆಗೆ ಅರವತ್ತು, ಆಂತರಿಕಕ್ಕೆ ನಲವತ್ತು. ಎರಡು ಟೆಸ್ಟಿಗೆ ತಲಾ ಹತ್ತು, ಅಸೈನ್‌ಮೆಂಟಿಗೆ ಹತ್ತು, ಹಾಜರಾತಿಗೆ ಹತ್ತು. ನಿನ್ನ ಅಸೈನ್‌ಮೆಂಟ್ ಬಂದಿಲ್ಲ. ಮರುಟೆಸ್ಟ್ ಬೇಕಿದ್ದರೆ ಗೈರುಹಾಜರಿಯ ಕಾರಣಕ್ಕೆ ದಾಖಲೆ ಸಮೇತ ನಾಳೆ ಬಾ.’

ಶನಿವಾರ ಬೆಳಿಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗಿನ ಕಾಗದವನ್ನು ತೆಗೆದು ನನ್ನ ಮುಂದಿಟ್ಟಳು. ಅವಳ ತಾಯಿಯ ಮರಣ ಪ್ರಮಾಣಪತ್ರ.

ಕುರ್ಚಿ ಎಳೆದು ಕೂರಿಸಿದೆ.

“ಇದನ್ನ ಮೇಲ್‌ನಲ್ಲಿ ಯಾಕಮ್ಮ ಬರೀಲಿಲ್ಲ?”

“ನಾನು ಕೇಳಿದ್ದು ಮಾರ್ಕ್ಸ್ ಇಚಾರ ಅಲ್ವಾ ಮೇಡಂ. ಅದ್ರಾಗೆ ಅಮ್ಮನ್ನ ತರಾಕೆ ಮನಸು ಬರ್ಲಿಲ್ಲ.”

ಬೆಳಿಗ್ಗೆ ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ತಂಗಿಯನ್ನು ಶಾಲೆಗೆ ಬಿಟ್ಟು ಬಂದಿದ್ದಳು. ಅಪ್ಪ ಕೂಲಿಗೆ ಹೋಗುತ್ತಾರಂತೆ. ಇದನ್ನೆಲ್ಲ ನಾನು ಒಂದೊಂದಾಗಿ ಕೇಳಿದ ಮೇಲೆ ಹೇಳಿದಳು.

“ಈ ಪೇಪರ್ ಕೊಡ್ಲೇಬೇಕಾ ಮೇಡಂ?”

“ಮರುಟೆಸ್ಟ್ ಬೇಕಾದರೆ ಅರ್ಜಿ ಜೊತೆ ಇಡಬೇಕು. ಪ್ರಿನ್ಸಿಪಾಲರು ಸಹಿ ಮಾಡ್ತಾರೆ. ಸೋಮವಾರ ಬೆಳಿಗ್ಗೆ ಟೆಸ್ಟ್ ಬರೀಬಹುದು.”

“ಕೊಡ್ದಿದ್ರೆ ಫೇಲಾಯ್ತೀನಾ?”

ನಾನು ಹಾಳೆ ತೆಗೆದುಕೊಂಡು ಅವಳ ಎದುರಿಗೇ ಲೆಕ್ಕ ಬರೆದೆ. ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಹದಿನಾರು, ಅದು ಹತ್ತಕ್ಕೆ ಎಂಟಾಗುತ್ತದೆ. ಹಾಜರಾತಿ ಹೇಗೋ ಶೇಕಡಾ ಎಪ್ಪತ್ತೈದು ದಾಟಿದ್ದರಿಂದ ಪರೀಕ್ಷೆಗೆ ಕೂರಲು ತೊಂದರೆಯಿಲ್ಲ, ಅದಕ್ಕೆ ಐದು. ಒಟ್ಟು ಹದಿಮೂರು. ಪಾಸಾಗಲು ಎಲ್ಲ ಸೇರಿ ನಲವತ್ತು ಬೇಕು. ಜೊತೆಗೆ ಪರೀಕ್ಷೆಯೊಂದರಲ್ಲೇ ಅರವತ್ತಕ್ಕೆ ಇಪ್ಪತ್ತೊಂದಕ್ಕಿಂತ ಕಡಿಮೆ ಇರಬಾರದು. ಈಗಿರುವಂತೆ ಅವಳು ಪರೀಕ್ಷೆಯಲ್ಲಿ ಇಪ್ಪತ್ತೇಳು ತೆಗೆಯಬೇಕು. ಅಸೈನ್‌ಮೆಂಟ್ ಕೊಟ್ಟು ಆರೇಳು ಅಂಕ ಬಂದರೂ ಇಪ್ಪತ್ತೊಂದು ಸಾಕು.

ಅವಳು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಪ್ರಮಾಣಪತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅಸೈನ್‌ಮೆಂಟ್ ಇವತ್ತೇ ಬರ್ದು ಕೊಡ್ತೀನಿ. ಟೆಸ್ಟ್ ಬ್ಯಾಡ ಮೇಡಂ.”

“ಹತ್ತು ಅಂಕ ಕಣಮ್ಮ. ಫಸ್ಟ್ ಕ್ಲಾಸ್ ತಪ್ಪಬಹುದು. ಇದರಲ್ಲಿ ನಾಚಿಕೆಪಡೋದು ಏನೂ ಇಲ್ಲ, ನಿನಗೆ ನ್ಯಾಯವಾಗಿ ಸಿಗಬೇಕಾದದ್ದು.”

“ಗೊತ್ತು ಮೇಡಂ. ಅಮ್ಮ ಸತ್ತಿದ್ದಕ್ಕೆ ಮಾರ್ಕ್ಸ್ ತಕಂಡೆ ಅಂತ ನನ್ಗೇ ಅನ್ಸುತ್ತೆ.”

ಇನ್ನೂ ಒತ್ತಾಯ ಮಾಡಬೇಕಿತ್ತೋ ಏನೋ, ಇವತ್ತಿಗೂ ನನಗೆ ತಿಳಿಯದು. ಆ ಹೊತ್ತಿನಲ್ಲಿ ನನ್ನ ಉತ್ತರದ ಕೊನೆಯ ಸಾಲು ನೆನಪಾಗಿ ನಾನು ಅವಳ ಮುಖ ನೋಡಲಾರದೆ ಕೂತಿದ್ದೆ. “ನಿನ್ನೆ ನಾನು ಒರಟಾಗಿ ಬರೆದುಬಿಟ್ಟೆ, ತಪ್ಪಾಯ್ತು” ಎಂದೆ. ಅವಳು ಗಾಬರಿಯಾಗಿ ಎದ್ದು ನಿಂತಳು.

ಲೈಬ್ರರಿಯಲ್ಲಿ ಕೂತು ಮಧ್ಯಾಹ್ನ ಮೂರರವರೆಗೆ ಬರೆದಳು. ವಿಷಯ, ಬೇತಮಂಗಲದ ಕೆರೆಯ ನೀರು ನಮ್ಮೂರಿನ ಚಿನ್ನದ ಗಣಿಗಳಿಗೆ ಪೈಪಿನಲ್ಲಿ ಬಂದದ್ದು. ಪುಸ್ತಕದಲ್ಲಿ ಇದ್ದದ್ದರ ಜೊತೆಗೆ ಪೈಪಿನ ದಾರಿಯುದ್ದಕ್ಕೂ ಇರುವ ಹಳ್ಳಿಗಳವರು ಏನು ಹೇಳುತ್ತಾರೆ ಎಂಬುದನ್ನೂ ಸೇರಿಸಿದ್ದಳು. ಒಂಬತ್ತು ಅಂಕ ಕೊಟ್ಟೆ. ಅದರಲ್ಲಿ ಕನಿಕರದ್ದು ಒಂದೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮರುಟೆಸ್ಟಿಗೆ ಬೇರೆ ಇಬ್ಬರು ಬಂದರು. ಅವಳು ಬರಲಿಲ್ಲ. ಸಂಜೆ ಅವಳ ಹೆಸರಿನ ಮುಂದೆ ಇಪ್ಪತ್ತೆರಡು ಎಂದು ಏರಿಸಿದೆ.

ಫಲಿತಾಂಶ ಬಂದ ದಿನ ಮೊದಲು ನೋಡಿದ್ದು ಅವಳದನ್ನೇ. ಪರೀಕ್ಷೆಯಲ್ಲಿ ಮೂವತ್ತನಾಲ್ಕು, ಒಟ್ಟು ಐವತ್ತಾರು. ಮಾರನೆಯ ದಿನ ಕಾರಿಡಾರಿನಲ್ಲಿ ಸಿಕ್ಕಳು. ಆ ಟೆಸ್ಟ್ ಬರೆದಿದ್ದರೆ ಅರವತ್ತು ದಾಟುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಆ ಮಾತು ಎತ್ತಲಿಲ್ಲ.

“ಸಾಕು ಮೇಡಂ” ಎಂದಳು ಅವಳೇ. ಒಳಗೆ ಮುಂದಿನ ಪಾಠದ ಗಂಟೆ ಹೊಡೆಯಿತು, ಇಬ್ಬರೂ ತರಗತಿಗೆ ನಡೆದೆವು.