ಯಂಕಮ್ಮನ ನಂಬರಿಗೆ ಒಂದು ರಿಂಗು

ಬೂದೆಪ್ಪ ಹೈದರಾಬಾದಿನ ಕೊಂಡಾಪುರದಲ್ಲಿ ಗೌಂಡಿ. ಕಂಪ್ಯೂಟರಿನವರು ಕೂರುವ ಗಾಜಿನ ಕಟ್ಟಡಗಳ ಗೋಡೆ ಎಬ್ಬಿಸುತ್ತಿದ್ದ, ಒಳಗೆ ಏನು ನಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ತಾನೂ ಅವರಿಗಿಂತ ಕಡಿಮೆಯವನಲ್ಲ ಎಂಬ ಗತ್ತು ಅವನಿಗಿತ್ತು. ಯಾದಗಿರಿ ಕಡೆಯ ತನ್ನ ಹೊಲದ ಬಾವಿಯ ಮೋಟರನ್ನು ಆರನೇ ಅಂತಸ್ತಿನ ಮೇಲೆ ನಿಂತು ಚಾಲೂ ಮಾಡುವ ಗೌಂಡಿ ಬೇರೆ ಯಾರಿದ್ದರು?

ಅದಕ್ಕೆಂದೇ ಒಂದು ಪೆಟ್ಟಿಗೆ ಕೊಂಡು ಊರಿಗೆ ಒಯ್ದು ಸ್ಟಾರ್ಟರಿನ ಪಕ್ಕ ಹಾಕಿಸಿದ್ದ. ಪೆಟ್ಟಿಗೆಯೊಳಗೊಂದು ಸಿಮ್ಮು. ಆ ಸಿಮ್ಮಿನ ನಂಬರಿಗೆ ರಿಂಗು ಕೊಟ್ಟರೆ ಪೆಟ್ಟಿಗೆ ಕರೆ ಎತ್ತದೆ ತಾನೇ ಕತ್ತರಿಸಿ ಮೋಟರು ಶುರು ಮಾಡುತ್ತಿತ್ತು. ಓಡುವಾಗ ಇನ್ನೊಂದು ರಿಂಗು ಕೊಟ್ಟರೆ ಬಂದ್. ಆಮೇಲೆ 'ಮೋಟರ್ ಆನ್', 'ಮೋಟರ್ ಆಫ್' ಎಂದು ಇಂಗ್ಲಿಷಿನಲ್ಲಿ ಮೆಸೇಜು. ಬೇರೆಯವರ ಫೋನಿಗೆ ಅದು ಬಗ್ಗುತ್ತಿರಲಿಲ್ಲ. ಬೂದೆಪ್ಪನದೂ ಹೆಂಡತಿ ಯಂಕಮ್ಮನದೂ ನಂಬರು ಪೆಟ್ಟಿಗೆಯ ನೆನಪಿನಲ್ಲಿ ಕೂತಿದ್ದವು. ಸಿಮ್ಮು ಬದಲಾದರೂ ಅವು ಅಳಿಯುತ್ತಿರಲಿಲ್ಲ.

ಊರಲ್ಲಿ ಹೊಲ ನೋಡುವವನು ತಮ್ಮ ಮಲ್ಲು. ಯಂಕಮ್ಮನೂ ಅಲ್ಲೇ. ದಿನಾ ಬೆಳಗ್ಗೆ ನಾಷ್ಟಾ ಆದಮೇಲೆ ಬೂದೆಪ್ಪ ಅವಳಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಕೆಲಸಕ್ಕೆ ಬಂದೀನಿ, ಉಂಡೀನಿ, ಚೆನ್ನಾಗಿದ್ದೀನಿ ಎಂಬುದೆಲ್ಲ ಆ ಒಂದೇ ರಿಂಗಿನಲ್ಲಿ. ಬಡವರು ಮಾತಾಡುವುದು ಹೀಗೇ. ಫೋನು ಕಂಪನಿಯವರಿಗೆ ಇದು ತಿಳಿದಿದ್ದರೆ ಅದಕ್ಕೂ ರೇಟು ಹಾಕುತ್ತಿದ್ದರು.

ಒಂದು ದಿನ ಪೆಟ್ಟಿಗೆಯ ಸಿಮ್ಮಿನ ಅವಧಿ ಮುಗಿದು ಅದು ಸತ್ತಿತು. ಬೆಳೆಗೆ ನೀರು ಬೇಕಿತ್ತು. ರಾತ್ರಿ ಯಂಕಮ್ಮ ತನ್ನ ಫೋನಿನ ಸಿಮ್ಮು ಬಿಚ್ಚಿ ಕೊಟ್ಟಳು. "ತಗೊ ಮಲ್ಲು, ಸದ್ಯಕ್ಕ ಇದನ್ನ ಹಾಕು. ನನಗ್ಯಾರು ಫೋನ್ ಮಾಡ್ತಾರ?" ಎಂದಳು. ಗಂಡನಿಗೆ ತಿಳಿಸೋಣವೆಂದರೆ ಮನೆಯಲ್ಲಿದ್ದದ್ದು ಅದೊಂದೇ ಸಿಮ್ಮು. ನಾಳೆ ಸಂಜೆ ಯಾರದಾದರೂ ಫೋನಿನಿಂದ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಬೆಳಗ್ಗೆ ಮಲ್ಲು ಸಿಮ್ಮು ಹಾಕಿ ಪೆಟ್ಟಿಗೆ ಮುಚ್ಚಿದ. ಕರೆಂಟಿತ್ತು. ಪಂಪಿನ ಶಾಫ್ಟಿನ ಬಳಿ ನೀರು ಸೋರುತ್ತಿರುವುದು ಕಂಡಿತು. ಫ್ಯೂಜು ಕಿತ್ತು ಕೈ ಹಾಕಬೇಕೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ನಂಬರು ಪೆಟ್ಟಿಗೆಯಲ್ಲಿದೆಯೆಂದು ತನಗೂ ಅತ್ತಿಗೆಗೂ ಬಿಟ್ಟರೆ ಯಾರಿಗೆ ಗೊತ್ತು, ಯಾರು ಚಾಲೂ ಮಾಡುತ್ತಾರೆ ಎಂದು ಶಾಫ್ಟಿನ ಬಳಿ ಕೈ ಹಾಕಿ ಕೂತೇಬಿಟ್ಟ. ಅಣ್ಣನ ನಾಷ್ಟಾದ ರಿಂಗು ಅವನ ತಲೆಗೆ ಹೊಳೆಯಲಿಲ್ಲ.

ಇತ್ತ ಕೊಂಡಾಪುರದಲ್ಲಿ ಬೂದೆಪ್ಪ ನಾಷ್ಟಾ ಮುಗಿಸಿ ಕೈ ತೊಳೆದು, ಯಂಕಮ್ಮನ ಹೆಸರು ಒತ್ತಿ, ಒಂದು ರಿಂಗು ಕೇಳಿ ಕತ್ತರಿಸಿದ.

ಫೋನು ಗುನುಗಿತು. ಯಂಕಮ್ಮನ ಹೆಸರಿನಿಂದ ಮೆಸೇಜು. ಅವನಿಗೆ ಇಂಗ್ಲಿಷು ಬಾರದು, ಆದರೆ ಆ ಅಕ್ಷರಗಳ ಆಕಾರ ದಿನಾ ನೋಡಿದ್ದೇ. ಮೋಟರ್ ಆನ್. ಅವನಿಗೆ ನಗು ಬಂತು. ಪಕ್ಕದ ಗೌಂಡಿ ಸೂಗಪ್ಪನಿಗೆ ತೋರಿಸಿ, "ನೋಡಪಾ, ನನ್ನ ಹೇಣ್ತಿ ಚಾಲೂ ಆಗ್ಯಾಳ" ಎಂದ. ಇಬ್ಬರೂ ನಕ್ಕರು. ಇದೇನೆಂದು ಕೇಳೋಣವೆಂದು ಮತ್ತೆ ಹಚ್ಚಿದ. ಕರೆ ತಾನೇ ಕತ್ತರಿಸಿತು. ಮೋಟರ್ ಆಫ್ ಎಂದು ಬಂತು. ಆಗ ಅವನ ನಗು ನಿಂತಿತು, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಊರವರ ಫೋನು ಬಂತು. ತಿರುಗುವ ಶಾಫ್ಟು ಮಲ್ಲುವಿನ ಅಂಗಿಯ ತೋಳು ಹಿಡಿದು ಕೈ ಎಳೆದುಕೊಂಡಿತ್ತು. ಅವನನ್ನು ಹೈದರಾಬಾದಿಗೆ ತಂದರು. ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಬಲಗೈ ಮಣಿಕಟ್ಟಿನ ತನಕ ತೆಗೆದರು.

"ಅಣ್ಣಾ, ನೀ ಎರಡನೇ ಸಲ ಹಚ್ಚಿದ್ದಕ್ಕ ನಾ ಉಳದೀನಿ" ಎಂದ ಮಲ್ಲು, ಮಂಚದ ಮೇಲಿಂದ.

ಬೂದೆಪ್ಪ ಅವನ ಮುಖ ನೋಡಲಾರದೆ ಗೋಡೆ ನೋಡಿದ. ತಾನು ಹಚ್ಚಿದ್ದು ಉಳಿಸಲಿಕ್ಕಲ್ಲ, ಇದೇನು ಚೇಷ್ಟೆಯೆಂದು ಕೇಳಲಿಕ್ಕೆ ಎಂದು ಹೇಳಬೇಕೆನಿಸಿತು. ನಕ್ಕು ಕಳೆದ ಆ ಹೊತ್ತು ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಹೇಳದೆ ತಮ್ಮನ ಹೊದಿಕೆ ಎಳೆದು ಸರಿಮಾಡಿದ. "ಮಿಂಚಿ ಹೋದದ್ದಕ್ಕ ಚಿಂತಿಸಿ ಫಲ ಏನೈತಿ" ಎಂದು ಜೊತೆಗೆ ಬಂದಿದ್ದ ಸೂಗಪ್ಪ ಸಮಾಧಾನ ಹೇಳಿದ. ಹೇಳುವವರಿಗೇನು, ಕೈ ಹೋದವನು ಅವರ ತಮ್ಮನಲ್ಲವಲ್ಲ.

ಮಲ್ಲು ಊರಿಗೆ ಹೋದ. ಯಂಕಮ್ಮನ ಸಿಮ್ಮು ಅವಳ ಫೋನಿಗೆ ಮರಳಿತು. ಬೂದೆಪ್ಪ ಮತ್ತೆ ಗೋಡೆ ಎಬ್ಬಿಸತೊಡಗಿದ. ನಾಷ್ಟಾ ಆದಮೇಲೆ ಹೆಬ್ಬೆರಳು ಅವಳ ಹೆಸರಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಒತ್ತುತ್ತಿರಲಿಲ್ಲ.

ಒಂದು ಸಂಜೆ ಅವಳೇ ಫೋನು ಹಚ್ಚಿದಳು. "ಏನ್ರಿ, ಬೆಳಿಗ್ಗಿ ರಿಂಗ್ ಕೊಡೋದು ಬಿಟ್ಟೇಬಿಟ್ರಿ? ನಾ ದಿನಾ ಫೋನ್ ಹಿಡ್ಕೊಂಡು ಕುಂದ್ರತೀನಿ. ನೀವು ಹ್ಯಾಂಗದೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಬೂದೆಪ್ಪ ಫೋನು ಕಿವಿಗೆ ಒತ್ತಿ ಹಿಡಿದ.

"ಮೊದಲು ಹೇಳು, ಮಲ್ಲು ಎಲ್ಲಿ ಅದಾನ?"

"ಇಲ್ಲೇ ಅದಾನ್ರಿ, ನನ್ನ ಮುಂದ. ಉಣ್ಣಾಕತ್ತಾನ." ಅವಳ ದನಿ ಇಳಿಯಿತು. "ಎಡಗೈಲೆ ಉಣ್ಣಾಕ ನಾಚಿಕಿ ಅಂತ ಗೋಡಿ ಕಡೆ ಮಾರಿ ಮಾಡಿ ಕುಂತಾನ."